ಹತ್ತು ನಿಮಿಷದಲ್ಲಿ ಹತ್ತು ಸೆಕೆಂಡು: ನಮ್ಮ ಕಾಲೇಜಿನ ಮುಂದಿನ ಸದ್ದಿನ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಪುರಸಭೆಯ ಮುಖ್ಯಾಧಿಕಾರಿಗಳೇ, ಪೊಲೀಸ್ ಇಲಾಖೆಯವರೇ, ನಮ್ಮ ಗೇಟಿನ ಮುಂದೆ ದಿನವೂ ಬಸ್ಸು, ಲಾರಿ, ಟೆಂಪೋ, ಟ್ರ್ಯಾಕ್ಟರ್ ಓಡಿಸುವ ಅಣ್ಣಂದಿರೇ,

ನಾನು ನಮ್ಮ ಪಟ್ಟಣದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಅದೇ ಕಾಂಪೌಂಡಿನಲ್ಲಿ ಪ್ರೌಢಶಾಲೆಯೂ ಇದೆ. ನಮ್ಮದು ಕಬ್ಬಿನ ಸೀಮೆ, ಕಾಲೇಜಿನ ಮುಂದೆಯೇ ರಾಜ್ಯ ಹೆದ್ದಾರಿ ಹಾದು ಹೋಗುತ್ತದೆ. ಇಲ್ಲಿಗೆ ಬಂದ ಮೊದಲ ವರ್ಷವೇ ನನಗೊಂದು ಅಭ್ಯಾಸ ಅಂಟಿಕೊಂಡಿತು. ಪಾಠದ ನಡುವೆ ಹಾರ್ನ್ ಕೇಳಿದರೆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸುವುದು, ಸದ್ದು ಹೋದ ಮೇಲೆ ಉಳಿದರ್ಧ ಹೇಳುವುದು. ಹಾಗೆ ಮಾಡುತ್ತಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ. ಕಳೆದ ಜುಲೈಯಲ್ಲಿ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು, "ಮೇಡಂ, ನೀವು ನಿಲ್ಲಿಸಿದಾಗೆಲ್ಲ ನಾನು ಗೆರೆ ಹಾಕಿದ್ದೀನಿ, ಇವತ್ತು ಐವತ್ತೆರಡು" ಎಂದು ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ನಮ್ಮ ಅಳತೆಯ ಕೆಲಸ ಶುರುವಾದದ್ದು ಆ ಪುಟದಿಂದ.

ಆ ಗೆರೆಗಳ ಬೆನ್ನು ಹತ್ತಿ ಹನ್ನೊಂದು ವಿದ್ಯಾರ್ಥಿಗಳು ಏನು ಅಳೆದರು, ಎಲ್ಲೆಲ್ಲಿ ಎಡವಿದರು, ಕೊನೆಗೆ ಅವರ ಕೈಗೆ ಏನು ಸಿಕ್ಕಿತು ಎಂಬುದನ್ನು ಹೇಳಿ, ಅದರ ಆಧಾರದ ಮೇಲೆ ನಿಮ್ಮಲ್ಲಿ ಮೂರು ವಿಷಯ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. "ಗಲಾಟೆ ಜಾಸ್ತಿಯಾಗಿದೆ, ಕ್ರಮ ಕೈಗೊಳ್ಳಿ" ಎಂಬ ಅರ್ಜಿಯನ್ನು ನಮ್ಮ ಕಾಲೇಜಿನಿಂದ ಹಿಂದೆ ಎರಡು ಸಲ ಕೊಟ್ಟಿದ್ದೇವೆ. ಅದನ್ನು ಓದಿದವರು ಯಾವ ಕ್ರಮ ಕೈಗೊಳ್ಳಬೇಕು ಎಂಬುದನ್ನು ನಾವೇ ಬರೆದಿರಲಿಲ್ಲ. ಅಂದು ನಮಗೂ ಅದು ಗೊತ್ತಿರಲಿಲ್ಲ.

ಮೊದಲು ಮಕ್ಕಳು ತಮ್ಮ ಮನೆಯವರ ಮೊಬೈಲ್ ತಂದು, ಸದ್ದು ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ಗೇಟಿನ ಹತ್ತಿರ ನಿಂತರು. ನಾಲ್ಕು ಮೊಬೈಲ್ ನಾಲ್ಕು ಸಂಖ್ಯೆ ತೋರಿಸಿದವು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನವರು ಒಂದು ಶಬ್ದಮಾಪಕವನ್ನೂ, ಅದನ್ನು ಸರಿಹೊಂದಿಸುವ ಕ್ಯಾಲಿಬ್ರೇಟರನ್ನೂ ಎರವಲು ಕೊಟ್ಟ ಮೇಲೆಯೇ ತಪ್ಪು ಎಲ್ಲಿತ್ತೆಂದು ತಿಳಿಯಿತು. ಕ್ಯಾಲಿಬ್ರೇಟರ್ ಎಂದರೆ ಮಾಪಕದ ಮೈಕಿನ ಮೂತಿಗೆ ಟೋಪಿಯಂತೆ ಕೂರುವ ಪುಟ್ಟ ಡಬ್ಬಿ. ಅದು 1000 ಹರ್ಟ್ಸ್‌ನಲ್ಲಿ ಕರಾರುವಾಕ್ಕಾಗಿ 94 ಡೆಸಿಬಲ್ ಸದ್ದು ಹೊರಡಿಸುತ್ತದೆ. ಅಳತೆಗೆ ಮೊದಲೂ ಆಮೇಲೂ ಮಾಪಕ 94 ತೋರಿಸಿದರೆ ನಡುವೆ ಬರೆದದ್ದನ್ನು ನಂಬಬಹುದು. ಮೊಬೈಲುಗಳನ್ನು ಮಾಪಕದ ಪಕ್ಕದಲ್ಲಿಟ್ಟು ನೋಡಿದರೆ, 60ರ ಆಸುಪಾಸಿನಲ್ಲಿ ಅವು ಎರಡು ಮೂರು ಡೆಸಿಬಲ್ ಮಾತ್ರ ಆಚೀಚೆ ಇದ್ದವು. ಬಸ್ಸಿನ ಹಾರ್ನ್‌ಗೆ ಮಾಪಕ 90 ಎಂದರೆ ಒಂದು ಮೊಬೈಲ್ 81ಕ್ಕೇ ನಿಂತುಬಿಟ್ಟಿತು. ಮೊಬೈಲಿನ ಮೈಕು ಇರುವುದು ಮಾತಿಗೆ. ದೊಡ್ಡ ಸದ್ದು ಬಂದರೆ ಅದು ತಲೆ ಕತ್ತರಿಸಿ ಒಳಗೆ ಬಿಡುತ್ತದೆ. ನಮ್ಮ ಕಷ್ಟವೆಲ್ಲ ಇದ್ದದ್ದು ಆ ಕತ್ತರಿಸಿಹೋದ ತಲೆಯಲ್ಲೇ ಎಂಬುದು ಮುಂದೆ ಕಾಣುತ್ತದೆ.

ಮಾಪಕ ಬಂದ ಮೇಲೂ ಒಂದು ವಾರ ವ್ಯರ್ಥವಾಯಿತು. ಒಬ್ಬ ಹುಡುಗ ಹತ್ತು ಸೆಕೆಂಡಿಗೊಮ್ಮೆ ಪರದೆ ನೋಡಿ ಸಂಖ್ಯೆ ಕೂಗುವುದು, ಇನ್ನೊಬ್ಬ ಬರೆದುಕೊಳ್ಳುವುದು ಎಂದು ಮಾಡಿದ್ದರು. ಒಂದು ಹಾರ್ನ್ ಮುಕ್ಕಾಲು ಸೆಕೆಂಡೂ ಇರುವುದಿಲ್ಲ. ಹೀಗಾಗಿ ಹೆಚ್ಚಿನವು ಎರಡು ನೋಟಗಳ ನಡುವೆಯೇ ಬಂದು ಹೋದವು, ಹಾಳೆಯಲ್ಲಿ ಅವುಗಳ ಗುರುತೇ ಇರಲಿಲ್ಲ. ಇನ್ನೊಂದು ತೊಂದರೆಯನ್ನು ನಾನು ಊಹಿಸಿಯೇ ಇರಲಿಲ್ಲ. ರಸ್ತೆಯಂಚಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಏನೋ ಇಟ್ಟುಕೊಂಡು ನಿಂತ ಮಕ್ಕಳನ್ನು ಕಂಡು, ಅದು ಪೊಲೀಸರ ವೇಗ ಅಳೆಯುವ ಯಂತ್ರವೆಂದು ಟೆಂಪೋದವರು ನಿಧಾನಿಸಿ, ಹಾರ್ನ್ ಮುಟ್ಟದೆ ಹೋಗುತ್ತಿದ್ದರು. ಮೊದಲ ಎರಡು ದಿನ ನಮ್ಮ ರಸ್ತೆ ಇದ್ದಕ್ಕಿದ್ದಂತೆ ಸಭ್ಯವಾಯಿತು! ಆಮೇಲೆ ಮಾಪಕವನ್ನು ಕಾಂಪೌಂಡಿನ ಒಳಗೆ, ಗೇಟಿನ ಸರಳುಗಳ ಹಿಂದೆ ಇಟ್ಟೆವು.

ಕೊನೆಗೆ ನಿಂತ ಕ್ರಮ ಹೀಗಿತ್ತು. ಮಾಪಕ ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ, ಗೋಡೆಗಳಿಂದ ಆದಷ್ಟು ದೂರ ಇರಬೇಕು, ಏಕೆಂದರೆ ಗೋಡೆ ಸದ್ದನ್ನು ಮರಳಿಸಿ ಅಳತೆಯನ್ನು ಹಿಗ್ಗಿಸುತ್ತದೆ. ಗಾಳಿಯ ಸದ್ದು ಸೇರದಂತೆ ಮೈಕಿಗೆ ಸ್ಪಂಜಿನ ಉಂಡೆ. ಮಾಪಕದ ಗುಂಡಿ 'A' ಎಂಬಲ್ಲೇ ಇರಬೇಕು. ಅದು ನಮ್ಮ ಕಿವಿಗೆ ಸದ್ದು ಹೇಗೆ ಕೇಳಿಸುತ್ತದೋ ಹಾಗೆ ತೂಗುತ್ತದೆ. ಒಂದು ದಿನ ತಪ್ಪಿ 'C'ಗೆ ಇಟ್ಟು, ಲಾರಿ ಎಂಜಿನ್ನಿನ ಗುಡುಗೆಲ್ಲ ಸೇರಿ ಸಂಖ್ಯೆ ಏರಿದ್ದರಿಂದ ಆ ದಿನದ ಹಾಳೆಗಳನ್ನು ಪಕ್ಕಕ್ಕಿಟ್ಟೆವು. ಬೆಳಗ್ಗೆ ಹತ್ತೂಕಾಲು, ಮಧ್ಯಾಹ್ನ ಹನ್ನೆರಡು, ಸಂಜೆ ಮೂರೂವರೆ, ಪ್ರತಿ ಸಲ ಹತ್ತು ನಿಮಿಷ. ಎರಡು ವಾರದಲ್ಲಿ ಆರು ದಿನ. ಗುರುವಾರ ನಮ್ಮೂರ ಸಂತೆ, ಆ ದಿನದ್ದನ್ನು ಬೇರೆಯೇ ಬರೆದೆವು. ಮಾಪಕ ತಾನೇ ಸೆಕೆಂಡು ಸೆಕೆಂಡಿನ ಸದ್ದನ್ನು ಕೂಡಿಸುತ್ತಿದ್ದಾಗ ಇಬ್ಬರು ಮಕ್ಕಳು ಪಕ್ಕದಲ್ಲಿ ಕೂತು, ಪ್ರತಿ ಹಾರ್ನ್‌ಗೂ ಯಾವ ವಾಹನ, ಯಾಕೆ ಹೊಡೆದರು ಎಂದು ಬರೆದರು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ 'ಯಾಕೆ' ಎಂಬ ಕಾಲಂ.

ಈಗ ಒಂದು ಮಂಗಳವಾರ ಮಧ್ಯಾಹ್ನದ ಹಾಳೆಯನ್ನು ನಿಮ್ಮ ಮುಂದೆ ಬಿಡಿಸುತ್ತೇನೆ. ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ತುಸು ದುಂಡಗೆ ಮಾಡಿದ್ದೇನೆ. ರಸ್ತೆಯ ನಡುವಿನಿಂದ ಗೇಟಿಗೆ ಆರು ಮೀಟರ್. ಹತ್ತು ನಿಮಿಷವೆಂದರೆ 600 ಸೆಕೆಂಡು. ಅದರಲ್ಲಿ 590 ಸೆಕೆಂಡು ಬರೀ ಎಂಜಿನ್, ಚಕ್ರ, ಮಾತುಕತೆಯ ಸದ್ದು, ಸುಮಾರು 62 ಡೆಸಿಬಲ್. ಉಳಿದ 10 ಸೆಕೆಂಡು, ಹದಿನಾಲ್ಕು ಹಾರ್ನ್‌ಗಳೆಲ್ಲ ಸೇರಿ, 90 ಡೆಸಿಬಲ್. ಈ ಹತ್ತು ನಿಮಿಷದ ಸರಾಸರಿ ಎಷ್ಟು?

ತರಗತಿಯಲ್ಲಿ ಕೇಳಿದಾಗ ಎಲ್ಲರೂ ಕೂಡಿ ಭಾಗಿಸಿ 62.5 ಎಂದರು. ಡೆಸಿಬಲ್ಲನ್ನು ಹಾಗೆ ಕೂಡಲು ಬರುವುದಿಲ್ಲ. ಅದು ಲಾಗರಿದಮ್ಮಿನ ಅಳತೆ. ಹತ್ತು ಡೆಸಿಬಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ, ಇಪ್ಪತ್ತು ಏರಿದರೆ ನೂರು ಪಟ್ಟು. 62ಕ್ಕೂ 90ಕ್ಕೂ ನಡುವೆ ಇರುವುದು ಆರುನೂರು ಪಟ್ಟಿಗೂ ಮೀರಿದ ಅಂತರ. ಆದ್ದರಿಂದ ಮೊದಲು ಪ್ರತಿ ಸೆಕೆಂಡಿನ ಡೆಸಿಬಲ್ಲನ್ನು ಶಕ್ತಿಗೆ ತಿರುಗಿಸಿ, ಕೂಡಿ, 600ರಿಂದ ಭಾಗಿಸಿ, ಮತ್ತೆ ಡೆಸಿಬಲ್ಲಿಗೆ ತರಬೇಕು. ಪಿಯುಸಿಯ ಲಾಗ್ ಟೇಬಲ್ ಇದಕ್ಕೆ ಸಾಕು. ಹೀಗೆ ಮಾಡಿದರೆ ಬರುವುದು 72.6. ಮಾಪಕದ ಪರದೆಯ ಮೇಲೆ `Leq` ಎಂದು ಕಾಣುವುದು ಇದೇ, ಕಾನೂನು ಕೇಳುವುದೂ ಇದನ್ನೇ. ಅದೇ ಹತ್ತು ನಿಮಿಷವನ್ನು ಹಾರ್ನ್‌ಗೆ 81 ತೋರಿಸುವ ಮೊಬೈಲಿನಲ್ಲಿ ಅಳೆದಿದ್ದರೆ 65.6 ಬರುತ್ತಿತ್ತು. ಪೇಟೆಬೀದಿಗೆ ಹಗಲಲ್ಲಿ ಇರುವ ಮಿತಿ 65, ಹೆಚ್ಚೇನೂ ಮೀರಿಲ್ಲವಲ್ಲ ಎಂದು ನಾವೇ ಸುಮ್ಮನಾಗುತ್ತಿದ್ದೆವು.

ಈ ಲೆಕ್ಕ ಬಿಡಿಸಿದ ಮೇಲೆ ನಾನು ಬೋರ್ಡಿನ ಮೇಲೆ ಇನ್ನೆರಡು ಪ್ರಶ್ನೆ ಬರೆದೆ. ಒಂದು, ಬೈಪಾಸ್ ಆಗಿ ರಸ್ತೆಯ ವಾಹನಗಳ ಸದ್ದು ಅರ್ಧಕ್ಕಿಳಿದು, ಹಾರ್ನ್ ಮಾತ್ರ ಈಗಿನಷ್ಟೇ ಉಳಿದರೆ? ಉತ್ತರ 72.4. ಅಷ್ಟೆಲ್ಲ ಮಾಡಿ ಇಳಿದದ್ದು ಡೆಸಿಬಲ್ಲಿನ ಐದನೇ ಒಂದು ಪಾಲು, ಯಾರ ಕಿವಿಗೂ ತಿಳಿಯದಷ್ಟು. ಎರಡು, ಒಂದು ವಾಹನವೂ ಕಡಿಮೆಯಾಗದೆ, ಹಾರ್ನ್ ಹತ್ತು ಸೆಕೆಂಡಿನ ಬದಲು ಎರಡೇ ಸೆಕೆಂಡಾದರೆ? ಉತ್ತರ ಸುಮಾರು 67. ಪೂರ್ತಿ ನಿಂತರೆ 62. ಉತ್ತರ ಕಂಡು ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ನನಗೂ ಅಷ್ಟು ಅಂತರವಿರಬಹುದೆಂಬ ಅಂದಾಜಿರಲಿಲ್ಲ.

"ಹತ್ತು ನಿಮಿಷದಲ್ಲಿ ಹತ್ತು ಸೆಕೆಂಡು ತಾನೇ, ಅಷ್ಟನ್ನು ಸಹಿಸಿಕೊಳ್ಳಿ" ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಸದ್ದು ಹತ್ತು ಸೆಕೆಂಡಿನದೇ ನಿಜ. ಆದರೆ ಅದು ಹದಿನಾಲ್ಕು ಚೂರಾಗಿ ಬರುತ್ತದೆ. ಮುಕ್ಕಾಲು ಗಂಟೆಯ ಪೀರಿಯಡ್ಡಿಗೆ ಅದು ಅರವತ್ತಮೂರು ಸಲ. ಆ ಹುಡುಗಿಯ ಐವತ್ತೆರಡು ಗೆರೆಗಳು ಎಲ್ಲಿಂದ ಬಂದವೆಂದು ಆಗ ತಿಳಿಯಿತು.

ಒಳಗೆ ಏನಾಗುತ್ತದೆಂಬುದನ್ನೂ ನೋಡಿದೆವು. ರಸ್ತೆಗೆ ಹತ್ತಿರದ ಕೋಣೆಯ ಕಿಟಕಿ ರಸ್ತೆಯ ನಡುವಿನಿಂದ ಇಪ್ಪತ್ತನಾಲ್ಕು ಮೀಟರ್ ದೂರದಲ್ಲಿದೆ. ಹಾರ್ನ್ ಒಂದು ಬಿಂದುವಿನಿಂದ ಹೊರಡುವ ಸದ್ದು, ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬಲ್ ಇಳಿಯುತ್ತದೆ. 90 ಇದ್ದದ್ದು ಕಿಟಕಿಗೆ ಬರುವಾಗ 78. ನಮ್ಮ ಕಿಟಕಿಗಳಿಗೆ ಗಾಜಿಲ್ಲ, ಸರಳು ಮತ್ತು ಮರದ ಬಾಗಿಲು. ಮುಚ್ಚಿದರೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ತೆರೆದ ಕಿಟಕಿಯಿಂದ ಒಳಗೆ, ಕೊನೆಯ ಬೆಂಚಿನಲ್ಲಿ, ಹಾರ್ನ್ ಬಂದಾಗ 70. ಹಾರ್ನ್ ಇಲ್ಲದಾಗ 48. ಸಾಧಾರಣವಾಗಿ ಮಾತಾಡುವ ಮೇಷ್ಟರ ದನಿ ಅಲ್ಲಿಗೆ ತಲುಪುವಾಗ ಸುಮಾರು 60. ಮಕ್ಕಳಿಗೆ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ದನಿ ಹಿನ್ನೆಲೆಯ ಸದ್ದಿಗಿಂತ ಹದಿನೈದು ಡೆಸಿಬಲ್ ಮೇಲಿರಬೇಕು. ಹಾರ್ನ್ ಇಲ್ಲದ ಹೊತ್ತಿನಲ್ಲಿ ನಾವು ಅದರ ಹತ್ತಿರಕ್ಕಾದರೂ ಬರುತ್ತೇವೆ. ಹಾರ್ನ್ ಬಂದಾಗ ಮೇಷ್ಟರ ದನಿಯೇ ಹತ್ತು ಡೆಸಿಬಲ್ ಕೆಳಗೆ ಮುಳುಗಿರುತ್ತದೆ.

ಮುಳುಗುವುದು ಮೊದಲು ವ್ಯಂಜನ. ಸ್ವರ ಗಟ್ಟಿಯಾಗಿರುತ್ತದೆ, ಹೇಗೋ ಕೇಳಿಸುತ್ತದೆ. ಇದನ್ನು ಪರೀಕ್ಷಿಸಲು ಮಕ್ಕಳೇ ಇಪ್ಪತ್ತು ಪದಗಳ ಪಟ್ಟಿ ಮಾಡಿದರು: ಕಾಲು, ಕಾಳು, ಹಲ್ಲಿ, ಹಳ್ಳಿ, ಮನೆ, ಮಣೆ, ಹೀಗೆ. ಯಾರಾದರೂ ಓದಿ ಹೇಳಿದರೆ ಗಲಾಟೆ ಹೆಚ್ಚಿದಾಗ ತಮಗೇ ಗೊತ್ತಿಲ್ಲದೆ ದನಿ ಏರಿಸುತ್ತಾರೆ. ಅದಕ್ಕಾಗಿ ಪದಗಳನ್ನು ಮೊದಲೇ ಧ್ವನಿಮುದ್ರಿಸಿ, ಮೇಜಿನ ಮೇಲೆ ಸಣ್ಣ ಸ್ಪೀಕರಿಟ್ಟು, ಕೊನೆಯ ಬೆಂಚಿನಲ್ಲಿ 60 ಬರುವಂತೆ ಹೊಂದಿಸಿದೆವು. ಅದೇ ಎಂಟು ಮಕ್ಕಳು, ಪದಗಳ ಕ್ರಮ ಮಾತ್ರ ಬೇರೆ. ಬೆಳಗ್ಗೆ ಏಳೂವರೆಯ ವಿಶೇಷ ತರಗತಿಯ ಹೊತ್ತಿನಲ್ಲಿ ಇಪ್ಪತ್ತಕ್ಕೆ ಸರಾಸರಿ ಹದಿನೆಂಟು ಸರಿ ಬರೆದರು. ಮಧ್ಯಾಹ್ನ ಹನ್ನೆರಡಕ್ಕೆ ಹದಿನಾಲ್ಕು. ಎಂಟೇ ಮಕ್ಕಳ ಪರೀಕ್ಷೆ ಇದು, ಇದರಿಂದ ದೊಡ್ಡ ತೀರ್ಮಾನಕ್ಕೆ ಬರಬಾರದೆಂದು ನಾನೇ ಅವರಿಗೆ ಹೇಳಿದ್ದೇನೆ. ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿ, ಈಗ ಇಂಗ್ಲಿಷಿನಲ್ಲಿ ವಿಜ್ಞಾನ ಕೇಳುತ್ತಿರುವ ಮಗುವಿಗೆ ಆ ಹೊಸ ಪದಗಳು ಹೀಗೆಯೇ ಚೂರಾಗಿ ಬೀಳುತ್ತಿದ್ದರೆ ಏನು ಗತಿ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ಗೊತ್ತಿರುವ ಪದವಾದರೆ ಅರ್ಧ ಕೇಳಿದರೂ ಉಳಿದರ್ಧ ಊಹಿಸಬಹುದು, ಮೊದಲ ಸಲ ಕೇಳುವ ಪದವನ್ನು ಹೇಗೆ ಊಹಿಸುವುದು?

ದೊಡ್ಡ ಪುರಾವೆ ಬೇಕೆನ್ನುವವರಿಗೆ ಹಳೆಯದೊಂದು ಇದೆ. ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಯ ಪಕ್ಕದಲ್ಲೇ ಎತ್ತರದ ಹಳಿಗಳ ಮೇಲೆ ರೈಲು ಓಡುತ್ತಿತ್ತು. ಹಳಿಯ ಕಡೆಯ ಕೋಣೆಗಳ ಮಕ್ಕಳು, ಅದೇ ಕಟ್ಟಡದ ಆಚೆ ಬದಿಯ ಮಕ್ಕಳಿಗಿಂತ ಓದುವುದರಲ್ಲಿ ಹಿಂದಿದ್ದಾರೆಂದು ಆರ್ಲೀನ್ ಬ್ರಾನ್‌ಝಾಫ್ಟ್ ಮತ್ತು ಅವರ ಜೊತೆಗಾರರು 1975ರಲ್ಲಿ ತೋರಿಸಿದರು. ಆಮೇಲೆ ಹಳಿಗೆ ರಬ್ಬರಿನ ಮೆತ್ತೆ ಹಾಕಿ, ಕೋಣೆಗಳಿಗೆ ಸದ್ದು ಹೀರುವ ಛಾವಣಿ ಹೊದಿಸಿ ಮತ್ತೆ ನೋಡಿದಾಗ ಆ ಅಂತರ ಅಳಿದಿತ್ತು. ಮಕ್ಕಳು ಹಿಂದುಳಿದದ್ದು ಸದ್ದಿನಿಂದಲೇ ಎಂದು ಅದರಿಂದ ಗಟ್ಟಿಯಾಯಿತು.

ಇನ್ನು 'ಯಾಕೆ' ಎಂಬ ಕಾಲಮ್ಮಿಗೆ ಬರುತ್ತೇನೆ. ಹಾರ್ನ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಗೇಟಿನೆದುರಿನ ಬಸ್ ನಿಲುಗಡೆಯ ಸುತ್ತ ಬಂದವು. ಹೊರಡುವ ಮುನ್ನ ಬಸ್ಸು ಜನರನ್ನು ಕರೆಯಲು ಹೊಡೆಯುತ್ತದೆ. ನಿಂತ ಬಸ್ಸಿನ ಹಿಂದೆ ಸಿಕ್ಕಿಕೊಂಡ ಲಾರಿ, ಬಸ್ಸು ಕದಲಲೆಂದು ಹೊಡೆಯುತ್ತದೆ. ಅದನ್ನು ದಾಟಲು ಹೋದ ಕಾರು ಎದುರಿನವರಿಗೆ ಹೊಡೆಯುತ್ತದೆ. ಅಲ್ಲಿ ರಸ್ತೆ ಅಗಲವಿಲ್ಲ, ಬಸ್ಸು ಬದಿಗೆ ಸರಿದು ನಿಲ್ಲಲು ಜಾಗವೇ ಇಲ್ಲ. ಒಂದು ಬಸ್ಸು ನಿಂತರೆ ನಾಲ್ಕು ಹಾರ್ನ್ ಹುಟ್ಟುತ್ತವೆ. ನಾನು ಇಷ್ಟು ವರ್ಷ ಚಾಲಕರ ದುರಭ್ಯಾಸವೆಂದು ಬೈದುಕೊಳ್ಳುತ್ತಿದ್ದ ಸದ್ದಿನ ಬಹುಪಾಲು ಹುಟ್ಟುವುದು ಆ ನಿಲುಗಡೆ ಇರುವ ಜಾಗದಿಂದ. ಆ ಅಣ್ಣಂದಿರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ, ಅದನ್ನು ಇಲ್ಲಿ ಹೇಳಲೇಬೇಕು. ಕಬ್ಬು ಅರೆಯುವ ಕಾಲದಲ್ಲಿ ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರುಗಳ ವಿಷಯ ಬೇರೆ. ಅವು ದಿನಕ್ಕೆ ಹಲವಾದರೂ ಒಂದೊಂದು ಅರ್ಧ ನಿಮಿಷದಲ್ಲಿ ದಾಟಿ ಹೋಗುತ್ತವೆ.

ನಮ್ಮ ಪಾಲೂ ಇದೆ. ಹನ್ನೆರಡೂ ಮುಕ್ಕಾಲರಿಂದ ಪ್ರೌಢಶಾಲೆಯ ಬಿಸಿಯೂಟದ ತಟ್ಟೆಗಳ ಸದ್ದು, ಪಕ್ಕದಲ್ಲೇ ನಡೆಯುವ ಆಟದ ಪೀರಿಯಡ್ಡು, ಹಿಂಬದಿಯ ಎರಡು ಕೋಣೆಗಳಿಗೆ ರಸ್ತೆಗಿಂತ ಹೆಚ್ಚು ತೊಂದರೆ ಕೊಡುತ್ತಿದ್ದವು. ಮುಖ್ಯೋಪಾಧ್ಯಾಯರೊಂದಿಗೆ ಮಾತಾಡಿ ಆಟವನ್ನು ಮೈದಾನದ ಆಚೆ ತುದಿಗೆ ಕಳಿಸಿದ್ದೇವೆ, ತಟ್ಟೆ ತೊಳೆಯುವ ನಲ್ಲಿಯನ್ನು ಬೇರೆಡೆ ಹಾಕಿಸುವ ಮಾತು ನಡೆದಿದೆ.

ಈಗ ಕಾನೂನಿನ ಮಾತು. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಬಂದವು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವು ಅವಕಾಶ ಕೊಡುತ್ತವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್, ರಾತ್ರಿಯದ್ದು 40. ಇಲ್ಲಿ ಹಗಲೆಂದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತು. ನಮ್ಮ ಗೇಟಿನ ಪಕ್ಕ 'ನಿಶ್ಶಬ್ದ ವಲಯ' ಎಂಬ ತುಕ್ಕು ಹಿಡಿದ ಫಲಕವೊಂದಿದೆ, ಯಾವುದೋ ಸಂಘದವರು ಹಿಂದೆ ಹಾಕಿಸಿದ್ದು. ಅದನ್ನು ನೋಡಿ ನಾವೆಲ್ಲ ನಮ್ಮದು ನಿಶ್ಶಬ್ದ ವಲಯವೆಂದೇ ನಂಬಿದ್ದೆವು. 2017ರ ತಿದ್ದುಪಡಿಯ ನಂತರ, ರಾಜ್ಯ ಸರ್ಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸದ ಹೊರತು ಯಾವ ಜಾಗವೂ ನಿಶ್ಶಬ್ದ ವಲಯವಲ್ಲ. ನಮ್ಮ ಕಾಲೇಜಿನ ಹೆಸರಿನಲ್ಲಿ ಅಂಥ ಅಧಿಸೂಚನೆ ಇಲ್ಲ. ಆದ್ದರಿಂದ ಆ ಫಲಕದ ಮುಂದೆ ಹಾರ್ನ್ ಹೊಡೆದವರನ್ನು ನಿಶ್ಶಬ್ದ ವಲಯದ ನಿಯಮದಡಿ ಯಾರೂ ಹಿಡಿಯಲಾರರು.

ಅಳತೆಯ ಮಿತಿಯನ್ನೂ ಮುಚ್ಚಿಡುವುದಿಲ್ಲ. ಕಾನೂನಿನ 50 ಎಂಬುದು ಹದಿನಾರು ಗಂಟೆಯ ಹಗಲಿಗೆ, ನಮ್ಮದು ಹತ್ತು ನಿಮಿಷದ ತುಣುಕುಗಳು. ನಾವು ಉಲ್ಲಂಘನೆಯ ತೀರ್ಪು ಕೊಡುತ್ತಿಲ್ಲ. ಎಲ್ಲ ಹಾರ್ನ್ ನಿಂತರೂ ಗೇಟಿನಲ್ಲಿ 62 ಉಳಿಯುತ್ತದೆಂದು ನಮ್ಮ ಲೆಕ್ಕವೇ ಹೇಳುತ್ತದೆ. ಹೆದ್ದಾರಿಯ ಪಕ್ಕದ ಗೇಟಿನಲ್ಲಿ 50 ಬರುವುದಿಲ್ಲ. ತರಗತಿಯೊಳಗೆ ಪಾಠದ ಹೊತ್ತಿನಲ್ಲಿ 35 ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ್ದು ನಮಗೆ ಇನ್ನೂ ದೂರದ ಮಾತು. ಹಾಗಿದ್ದರೂ ಅಧಿಸೂಚನೆ ಬೇಕೆನ್ನುವುದು ಒಂದು ಕಾರಣಕ್ಕೆ. ನಿಶ್ಶಬ್ದ ವಲಯವೆಂದು ಘೋಷಣೆಯಾದ ಕೂಡಲೇ, ತುರ್ತು ಸಂದರ್ಭ ಬಿಟ್ಟರೆ, ಅಲ್ಲಿ ಹಾರ್ನ್ ನಿಷಿದ್ಧ. ನಮ್ಮ ಗೇಟಿನ ಹತ್ತು ಡೆಸಿಬಲ್ ಇರುವುದು ಆ ಒಂದು ಸಾಲಿನಲ್ಲಿ.

ಮಕ್ಕಳ ಮೊದಲ ಕರಡಿನಲ್ಲಿ ಕಾಂಪೌಂಡಿನುದ್ದಕ್ಕೂ ಒಂದು ಸಾಲು ಹೊಂಗೆ ನೆಡಬೇಕೆಂದಿತ್ತು. ನೆಡುತ್ತೇವೆ, ನೆರಳಿಗೆ. ಒಂದು ಸಾಲು ಮರ ಸದ್ದನ್ನು ತಡೆಯುವುದಿಲ್ಲ, ಅದಕ್ಕೆ ಹತ್ತಾರು ಮೀಟರ್ ದಟ್ಟ ತೋಪು ಬೇಕು. ಗೋಡೆ ಎತ್ತರಿಸುವ ಸಲಹೆ ಊರಿನವರಿಂದ ಬಂತು. ಹಾರ್ನ್ ಮತ್ತು ಕಿಟಕಿಯ ನಡುವಿನ ನೇರ ನೋಟ ಕಡಿದರೆ ಗೋಡೆಯಿಂದ ಪ್ರಯೋಜನವಿದೆ. ನಮ್ಮ ಪಿಯುಸಿ ಕೋಣೆಗಳು ಮಹಡಿಯಲ್ಲಿವೆ, ಗೇಟಿನ ಬಾಯಿ ತೆರೆದೇ ಇರುತ್ತದೆ. ಆ ಹಣವನ್ನು ಬೇರೆ ಕಡೆ ಖರ್ಚು ಮಾಡುವುದು ಒಳ್ಳೆಯದು.

ಇನ್ನು ನಮ್ಮ ಬೇಡಿಕೆಗಳು. ಮೊದಲನೆಯದು ಬಸ್ ನಿಲುಗಡೆ. ಈಗಿರುವ ಜಾಗದಿಂದ ನೂರ ಇಪ್ಪತ್ತು ಮೀಟರ್ ಮುಂದೆ, ಹಳೆಯ ತೂಕದ ಮನೆಯ ಎದುರು, ರಸ್ತೆಬದಿಯಲ್ಲಿ ಬಸ್ಸು ಪೂರ್ತಿ ಒಳಸರಿದು ನಿಲ್ಲುವಷ್ಟು ಪುರಸಭೆಯ ಜಾಗ ಖಾಲಿ ಇದೆ. ಮಕ್ಕಳು ಟೇಪ್ ಹಿಡಿದು ಅಳೆದು ನಕ್ಷೆ ಬರೆದಿದ್ದಾರೆ. ನಮ್ಮ ಮಕ್ಕಳಿಗೆ ನಡಿಗೆ ಎರಡು ನಿಮಿಷ ಹೆಚ್ಚುತ್ತದೆ, ಅವರ ತಂದೆ ತಾಯಂದಿರು ಒಪ್ಪಿದ್ದಾರೆ. ನಡೆಯಲಾಗದ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಅವರಿಗಾಗಿ ಬೆಳಗ್ಗೆ ಮತ್ತು ಸಂಜೆ ಒಂದೊಂದು ಬಸ್ಸು ಮಾತ್ರ ಗೇಟಿನಲ್ಲಿ ನಿಲ್ಲಬೇಕು. ಶಾಶ್ವತ ಆದೇಶವನ್ನು ಈಗಲೇ ಕೇಳುತ್ತಿಲ್ಲ. ಮೂರು ವಾರ ಪ್ರಯೋಗವಾಗಿ ಬದಲಿಸಿ ನೋಡಿ.

ಎರಡನೆಯದು, ಹಾರ್ನ್ ನಿಷೇಧದ ಅಧಿಕೃತ ಸಂಚಾರ ಫಲಕ. ಇದಕ್ಕೆ ನಿಶ್ಶಬ್ದ ವಲಯದ ಅಧಿಸೂಚನೆಗಾಗಿ ಕಾಯಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 194ಎಫ್ ಕಲಂ ಪ್ರಕಾರ, ಇಂಥ ಫಲಕವಿರುವ ಕಡೆ ಹಾರ್ನ್ ಹೊಡೆದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಹೊಡೆದರೆ 2,000 ದಂಡವಿದೆ. ಫಲಕ ಗೇಟಿನ ಪಕ್ಕದಲ್ಲಿದ್ದರೆ ಪ್ರಯೋಜನವಿಲ್ಲ. ಚಾಲಕರು ಅದನ್ನು ಓದುವ ಹೊತ್ತಿಗೆ ಹಾರ್ನ್ ಹೊಡೆದಾಗಿರುತ್ತದೆ. ಎರಡೂ ದಿಕ್ಕಿನಲ್ಲಿ, ಗೇಟಿಗೆ ನೂರು ಮೀಟರ್ ಮುಂಚೆ ಇರಬೇಕು. ಜೊತೆಗೆ, ಬಹುಸ್ವರದ ಕರ್ಕಶ ಹಾರ್ನ್‌ಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಎಲ್ಲೆಡೆಯೂ ನಿಷೇಧಿಸಿವೆ. ಆ ತಪಾಸಣೆ ಬಸ್ ಸ್ಟ್ಯಾಂಡಿನಲ್ಲೇ ಆಗಲಿ. ರಸ್ತೆಯಲ್ಲಿ ಅಡ್ಡಗಟ್ಟಿದರೆ ಇನ್ನಷ್ಟು ಹಾರ್ನ್ ಹುಟ್ಟುತ್ತವೆ.

ಮೂರನೆಯದು ಅಧಿಸೂಚನೆಯ ಪ್ರಸ್ತಾವ. ಮಾನ್ಯ ಜಿಲ್ಲಾಧಿಕಾರಿಗಳೇ, ಅದು ನಿಮ್ಮ ಕಚೇರಿಯಿಂದ ರಾಜ್ಯ ಸರ್ಕಾರಕ್ಕೆ ಹೋಗಬೇಕೆಂದು ಕೋರುತ್ತೇವೆ. ನೂರು ಮೀಟರಿನ ಗೆರೆಯೊಳಗೆ ಒಂದು ಹಿಟ್ಟಿನ ಗಿರಣಿ, ಒಂದು ದೇವಸ್ಥಾನ, ಒಂದು ಕಲ್ಯಾಣ ಮಂಟಪ ಬರುತ್ತವೆ. ಈ ಮಾತನ್ನು ಅವರಿಗೆ ಹೇಳದೆ ನಿಮಗೆ ಬರೆಯಬಾರದೆಂದು ಮಕ್ಕಳು ಮೂರು ಕಡೆಗೂ ಹೋಗಿ ಬಂದರು. ದೇವಸ್ಥಾನದ ಗಂಟೆ ಗೇಟಿನಲ್ಲಿ ಕೇಳಿಸಿದರೂ ತರಗತಿಗೆ ತೊಂದರೆಯಿಲ್ಲವೆಂದು ಅಳೆದು ತೋರಿಸಿದ್ದು ಅಲ್ಲಿನ ಅರ್ಚಕರಿಗೆ ಸಮಾಧಾನ ತಂದಿತು. ಮಂಟಪದವರು ಧ್ವನಿವರ್ಧಕದ ಬಾಯಿಯನ್ನು ರಸ್ತೆಯಿಂದ ಒಳಕ್ಕೆ ತಿರುಗಿಸಲು ಒಪ್ಪಿದ್ದಾರೆ. ಗಿರಣಿಯವರೊಂದಿಗೆ ಮಾತು ಇನ್ನೂ ಮುಗಿದಿಲ್ಲ. ಅವರ ಜೀವನದ ಪ್ರಶ್ನೆ ಅದು, ಅವಸರ ಮಾಡುವುದಿಲ್ಲ.

ಬೆಂಗಳೂರು ಸೇರಿ ಏಳು ಮಹಾನಗರಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲದ ಯಂತ್ರಗಳು ಹಗಲು ರಾತ್ರಿ ಸದ್ದು ಅಳೆಯುತ್ತವೆ. ನಮ್ಮಂಥ ತಾಲ್ಲೂಕು ಪಟ್ಟಣದಲ್ಲಿ ಅದಿಲ್ಲ. ಆದ್ದರಿಂದ ಪ್ರಯೋಗ ಫಲಿಸಿತೋ ಇಲ್ಲವೋ ಎಂಬುದನ್ನು ಅಳೆಯುವ ಹೊಣೆ ನಾವೇ ಹೊರುತ್ತೇವೆ. ನಿಲುಗಡೆ ಬದಲಾದ ಮೂರು ವಾರ ಅದೇ ಜಾಗ, ಅದೇ ಹೊತ್ತು, ಸಂತೆಯ ದಿನ ಬಿಟ್ಟು ವಾರದ ಅದೇ ದಿನಗಳು. ಅದೇ ರಸ್ತೆಯಲ್ಲಿ ಒಂದು ಕಿಲೋಮೀಟರ್ ಆಚೆ, ಏನೂ ಬದಲಾಗದ ಒಂದು ಜಾಗದಲ್ಲೂ ಅಳೆಯುತ್ತೇವೆ. ಇಡೀ ಊರಿನ ಸಂಚಾರವೇ ಆ ವಾರ ಕಡಿಮೆಯಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹೊಸ ನಿಲುಗಡೆಯ ಎದುರಿನ ಮನೆಗಳ ಮುಂದೆಯೂ ಮಾಪಕ ಇಡುತ್ತೇವೆ. ನಮ್ಮ ಸದ್ದನ್ನು ಅವರ ಬಾಗಿಲಿಗೆ ಹೊತ್ತು ಹಾಕಿದಂತಾದರೆ ಅದೂ ಹಾಳೆಯಲ್ಲಿ ಬರಬೇಕು. ಗೇಟಿನಲ್ಲಿ ಕನಿಷ್ಠ ಐದು ಡೆಸಿಬಲ್ ಇಳಿಯದಿದ್ದರೆ ಪ್ರಯೋಗ ಸೋತಿತೆಂದು ಒಪ್ಪಿ, ನಿಲುಗಡೆಯನ್ನು ಹಿಂದಿನ ಜಾಗಕ್ಕೆ ತನ್ನಿರೆಂದು ನಾವೇ ಬರೆದುಕೊಡುತ್ತೇವೆ. ಈ ಐದು ಎಂಬುದನ್ನು ಮಕ್ಕಳು ಮೊದಲೇ ಬರೆದು ಸಹಿ ಹಾಕಿದ್ದಾರೆ, ಆಮೇಲೆ ಬದಲಿಸುವಂತಿಲ್ಲ.

ಅಳತೆಯ ಎಲ್ಲ ಹಾಳೆಗಳು, ಪಕ್ಕಕ್ಕಿಟ್ಟ ಆ ತಪ್ಪಿನ ದಿನದವೂ ಸೇರಿ, ನಕ್ಷೆ ಮತ್ತು ಹಾರ್ನ್‌ಗಳ ಪಟ್ಟಿಯೊಂದಿಗೆ ಮೂರೂ ಕಚೇರಿಗಳಿಗೆ ತಲುಪಿವೆ. ಮಾಪಕವನ್ನು ಎಂಜಿನಿಯರಿಂಗ್ ಕಾಲೇಜಿಗೆ ಜನವರಿ ಕೊನೆಗೆ ಹಿಂತಿರುಗಿಸಬೇಕು, ಫೆಬ್ರವರಿಯಿಂದ ಮಕ್ಕಳಿಗೆ ಪರೀಕ್ಷೆಯ ತಯಾರಿ. ಜನವರಿ ಮೊದಲ ವಾರದೊಳಗೆ ನಿಲುಗಡೆ ಬದಲಾದರೆ ಮೂರು ವಾರದ ಅಳತೆಗೆ ಸರಿಯಾಗಿ ಸಮಯವಿದೆ. ಯಾವ ದಿನದಿಂದ ಎಂದು ತಿಳಿಸಿದರೆ, ಅದರ ಹಿಂದಿನ ದಿನ ಸಂಜೆಯೇ ಮಾಪಕಕ್ಕೆ ಹೊಸ ಬ್ಯಾಟರಿ ಹಾಕಿ, 94 ನೋಡಿಕೊಂಡು ಸಿದ್ಧರಿರುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಭೌತಶಾಸ್ತ್ರ ಉಪನ್ಯಾಸಕಿ
ಮತ್ತು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ಹನ್ನೊಂದು ವಿದ್ಯಾರ್ಥಿಗಳು